ಗುಳಿಗಿ ಕೊಡುವ ಮುಂಚೆ ಬರೆದ ಪತ್ರ

ಕಮಲಾಪುರದ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಆರೋಗ್ಯದ ಕೆಲಸ ನನ್ನ ಪಾಲಿಗೆ ಬಂದಿತ್ತು. ಪಾಠದ ಜೊತೆಗೆ ಕಬ್ಬಿಣದ ಗುಳಿಗಿಯ ಲೆಕ್ಕ, ತೂಕ ಎತ್ತರದ ದಾಖಲೆ, ವರ್ಷಕ್ಕೊಮ್ಮೆ ಬರುವ ಆರೋಗ್ಯ ತಂಡದ ತಪಾಸಣೆ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ ಬರುವ ಜಂತುಹುಳು ನಿವಾರಣಾ ದಿನ, ಇವೆಲ್ಲ ನಾನೇ ನೋಡಬೇಕಿತ್ತು. ಆ ವರ್ಷಗಳಲ್ಲಿ ಪಾಲಕರಿಗೆಂದು ಒಂದು ಪತ್ರ ಬರೆದೆ. ಅದನ್ನು ಒಂದೇ ಸಲ ಬರೆದು ಮುಗಿಸಲಿಲ್ಲ. ಒಬ್ಬ ಅಜ್ಜಿ ಕೇಳಿದ ಪ್ರಶ್ನೆಗೆ ಒಂದು ಸಾಲು, ಒಬ್ಬ ತಾಯಿಯ ಅಂಜಿಕೆಗೆ ಇನ್ನೊಂದು ಸಾಲು ಹೀಗೆ ಸೇರುತ್ತ ಹೋಗಿ ಅದು ಪತ್ರವಾಯಿತು. ಮುಂದೆ ಕಲಬುರಗಿ ನಗರದ ಶಾಲೆಗೆ ವರ್ಗವಾದಾಗ ಅದೇ ಪತ್ರವನ್ನು ಮತ್ತೆ ತಿದ್ದಬೇಕಾಯಿತು. ಅದು ಬೆಳೆದ ಬಗೆಯನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಮಕ್ಕಳಿಗೆ ಒಂದೇ ದಿನ ಹುಳದ ಗುಳಿಗಿ ಕೊಡುವ ಈ ಕಾರ್ಯಕ್ರಮ 2015ರ ಫೆಬ್ರವರಿಯಲ್ಲಿ ಕೆಲವೇ ರಾಜ್ಯಗಳಲ್ಲಿ ಶುರುವಾಗಿ, ಮರುವರ್ಷ ದೇಶಕ್ಕೆಲ್ಲ ಹಬ್ಬಿತು. 1ರಿಂದ 19 ವರ್ಷದವರೆಗಿನ ಎಲ್ಲರಿಗೂ ಅಲ್ಬೆಂಡಜೋಲ್. ಎರಡು ವರ್ಷ ತುಂಬಿದವರಿಗೆ 400 ಮಿಲಿಗ್ರಾಂನ ಇಡೀ ಗುಳಿಗಿ, ಅದಕ್ಕಿಂತ ಚಿಕ್ಕವರಿಗೆ ಅರ್ಧ. ನಮ್ಮ ಶಾಲೆಯಿಂದ ಮೊದಲು ಹೋಗುತ್ತಿದ್ದುದು ಎರಡು ಸಾಲಿನ ಸೂಚನೆ: ಇಂಥ ದಿನ ಮಾತ್ರೆ ನೀಡಲಾಗುವುದು, ಮಕ್ಕಳನ್ನು ತಪ್ಪದೇ ಕಳುಹಿಸಿ. ಆ ದಿನವೇ ತರಗತಿಗಳಲ್ಲಿ ಹಾಜರಿ ಇಳಿಯುತ್ತಿತ್ತು. ಯಾಕೆ ಬಂದಿಲ್ಲ ಎಂದು ಓಣಿಯಲ್ಲಿ ವಿಚಾರಿಸಲು ಹೋದಾಗ ಒಬ್ಬ ಅಜ್ಜಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ಹೇಳಿದರು: “ಅಕ್ಕೋರ, ಹೋದ ಸಲ ಗುಳಿಗಿ ತಿಂದು ನಮ್ಮ ಹುಡುಗ ವಾಂತಿ ಮಾಡ್ಕೊಂಡಾನ. ಹೊಟ್ಟಿ ಹಿಡಕೊಂಡು ಅತ್ತಾನ. ಈ ಸಲ ಕಳಸೂದಿಲ್ಲ ನೋಡ್ರಿ.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಟ್ಟೆಯಲ್ಲಿ ಹುಳ ಹೆಚ್ಚಿರುವ ಮಕ್ಕಳಿಗೆ ಈ ಔಷಧ ತಿಂದಾಗ ಹೊಟ್ಟೆನೋವು, ವಾಕರಿಕೆ, ಒಂದೆರಡು ಸಲ ವಾಂತಿ ಅಥವಾ ಭೇದಿ ಆಗುವುದುಂಟು. ಔಷಧ ಹುಳಕ್ಕೆ ಸಕ್ಕರೆಯ ಅಂಶ ಸಿಗದಂತೆ ಮಾಡುತ್ತದೆ. ಹಸಿದ ಹುಳ ನಿಧಾನವಾಗಿ ಸಾಯುತ್ತದೆ. ಸಾಯುವ ಹುಳ ಎಷ್ಟು ಹೆಚ್ಚೋ ತೊಂದರೆಯೂ ಅಷ್ಟು ಹೆಚ್ಚು. ಅಂದರೆ ಆ ಅಜ್ಜಿಯ ಮೊಮ್ಮಗನಿಗೆ ಗುಳಿಗಿ ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತು, ಅವನೇ ಮನೆಯಲ್ಲಿ ಉಳಿದಿದ್ದ. ಇದನ್ನು ಮೊದಲೇ ಮನೆಗೆ ಹೇಳಿ ಕಳಿಸಿದ್ದರೆ ವಾಂತಿ ಕಂಡಾಗ ಅವರು ಬೇರೆಯೇ ರೀತಿ ತಿಳಿದುಕೊಳ್ಳುತ್ತಿದ್ದರು.

ಹಾಗಾಗಿ ಪತ್ರದ ಮೊದಲ ಕರಡಿನಲ್ಲೇ ಆಗಬಹುದಾದ ತೊಂದರೆಗಳನ್ನು ಬರೆದೆ. ಶಾಲೆಯ ಹಿರಿಯರೊಬ್ಬರು ಓದಿ ಬೇಡವೆಂದರು. “ಇಷ್ಟೆಲ್ಲ ಬರದ್ರ ಬರೂವವರೂ ಬರೂದಿಲ್ಲ ರೀ.” ಅವರ ಅಂಜಿಕೆಗೆ ಕಾರಣವಿತ್ತು. ಒಂದು ಮಗು ವಾಂತಿ ಮಾಡಿದರೆ ಪಕ್ಕದ ನಾಲ್ಕು ಮಕ್ಕಳಿಗೆ ಹೊಟ್ಟೆ ತೊಳಸಿದಂತಾಗುವುದನ್ನು ನಾವೆಲ್ಲ ನೋಡಿದ್ದೆವು. ಆದರೆ ಹಾಗೆ ಹಬ್ಬುವುದು ಅಂಜಿಕೆಯಿಂದ, ಔಷಧದಿಂದಲ್ಲ. ಅಂಜಿಕೆ ಹುಟ್ಟುವುದು ಮೊದಲು ತಿಳಿಯದಿರುವುದರಿಂದ. ವಾಂತಿ ಮಾಡಿದ ಮಗುವನ್ನು ಉಳಿದವರ ಕಣ್ಣೆದುರಿನಿಂದ ದೂರ ನೆರಳಿನಲ್ಲಿ ಕೂರಿಸಿ ನೀರು ಕುಡಿಸುವುದು, ಯಾರೂ ಗಾಬರಿಯಿಂದ ಓಡಾಡದಿರುವುದು, ಕಡಿಮೆಯಾಗದಿದ್ದರೆ ದವಾಖಾನೆಗೆ ಫೋನು ಮಾಡುವುದು, ಇಷ್ಟು ಶಾಲೆ ಮಾಡಬೇಕಾದದ್ದು. ಮನೆಯವರಿಗೆ ತಿಳಿಸುವುದು ಪತ್ರದ ಕೆಲಸ. ಕೊನೆಗೆ ಆ ಸಾಲು ಉಳಿಯಿತು. ಮುಂದಿನ ಸಲ ಆ ಅಜ್ಜಿಯೇ ಹುಡುಗನ ಕೈ ಹಿಡಿದು ಶಾಲೆಗೆ ಬಂದು, ಗುಳಿಗಿ ತಿಂದ ಮೇಲೆ ಊಟದ ಮನೆಯ ಹತ್ತಿರ ಕೂತು ಮಧ್ಯಾಹ್ನದವರೆಗೆ ನೋಡಿಕೊಂಡು ಹೋದರು.

ಹುಳ ಎಲ್ಲಿಂದ ಬರುತ್ತದೆ ಎನ್ನುವುದು ಪತ್ರದ ಎರಡನೆಯ ಭಾಗ. ನಮ್ಮ ಕಡೆ ಬೆಲ್ಲ, ಬಾಳೆಹಣ್ಣು ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳ ಹುಟ್ಟುತ್ತವೆ ಎಂಬ ನಂಬಿಕೆ ಗಟ್ಟಿಯಾಗಿದೆ. ಕಮಲಾಪುರ ಕೆಂಪು ಬಾಳೆಯ ಊರು. ಆ ಹಣ್ಣಿಗೆ ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ತೋಟವಿರುವ ಮನೆಯ ತಾಯಂದಿರೂ ಮಕ್ಕಳಿಗೆ ಹಣ್ಣು ಕೊಡಲು ಹಿಂಜರಿಯುತ್ತಿದ್ದರು. ಹುಳ ಸಿಹಿಯಿಂದ ಹುಟ್ಟುವುದಿಲ್ಲ. ಹುಳ ಇರುವವರ ಮಲದಲ್ಲಿ ಅದರ ತತ್ತಿ ಹೊರಗೆ ಬೀಳುತ್ತದೆ, ಮಣ್ಣು ಸೇರುತ್ತದೆ, ಮಣ್ಣಿನಲ್ಲಿ ಬೆಳೆದು ಮತ್ತೆ ಮನುಷ್ಯನ ಮೈ ಸೇರುತ್ತದೆ. ಮಣ್ಣಿನ ಮೂಲಕ ಹೀಗೆ ಬರುವ ಹುಳಗಳು ಮುಖ್ಯವಾಗಿ ಮೂರು ಬಗೆ: ದುಂಡುಹುಳ, ಚಾಟಿಹುಳ, ಕೊಕ್ಕೆಹುಳ. ಮೊದಲ ಎರಡು ಬಾಯಿಯಿಂದ ಒಳಗೆ ಹೋಗುತ್ತವೆ. ಕೊಕ್ಕೆಹುಳ ಹೆಚ್ಚಾಗಿ ಬರಿಗಾಲಿನ ಚರ್ಮ ಕೊರೆದೇ ಒಳಗೆ ಹೋಗುತ್ತದೆ.

ರಕ್ತಕ್ಕೂ ಹುಳಕ್ಕೂ ಇರುವ ಸಂಬಂಧ ಈ ಕೊಕ್ಕೆಹುಳದಲ್ಲೇ ಹೆಚ್ಚು ತಿಳಿಯುವುದರಿಂದ ಅದರ ದಾರಿಯನ್ನು ಪತ್ರದಲ್ಲಿ ಬಿಡಿಸಿ ಬರೆದೆ. ಬಯಲಿನಲ್ಲಿ ಬಿದ್ದ ತತ್ತಿ ನೆರಳು, ತೇವ, ಬೆಚ್ಚಗಿನ ಮಣ್ಣು ಸಿಕ್ಕರೆ ಒಡೆದು, ವಾರದಿಂದ ಹತ್ತು ದಿನದೊಳಗೆ ಕಣ್ಣಿಗೆ ಕಾಣದ ಮರಿಯಾಗಿ ಕಾಲಿಗಾಗಿ ಕಾಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಹೊಲದಲ್ಲಿ ಅದು ಬಿಸಿಲಿಗೆ ಒಣಗಿ ಸಾಯುತ್ತದೆ. ನೀರು ಹರಿಯುವ ತೋಟದ ಬದು, ಗಿಡಗಳ ಮರೆ, ಹಳ್ಳದ ದಂಡೆ ಅದಕ್ಕೆ ಅನುಕೂಲ. ಜನ ಬಯಲಿಗೆ ಹೋಗುವುದೂ ಅಂಥ ಮರೆಗೇ, ಮಕ್ಕಳು ಬರಿಗಾಲಲ್ಲಿ ಓಡಾಡುವುದೂ ಅಲ್ಲೇ. ಬೆರಳಸಂದಿಯಲ್ಲಿ ಒಳಗೆ ಹೋದ ಮರಿ ರಕ್ತದ ಜೊತೆ ಪುಪ್ಪುಸಕ್ಕೆ ಹೋಗಿ, ಗಂಟಲಿಗೆ ಏರಿ, ನುಂಗಿದಾಗ ಸಣ್ಣಕರುಳಿಗೆ ಇಳಿದು ಅಲ್ಲಿ ಕಚ್ಚಿಕೊಳ್ಳುತ್ತದೆ.

ಅದು ಎಷ್ಟು ರಕ್ತ ಕುಡಿಯುತ್ತದೆ ಎಂದು ಒಂದು ಪಾಲಕರ ಸಭೆಯಲ್ಲಿ ಟೈಲರಿಂಗ್ ಮಾಡುವ ತಂದೆಯೊಬ್ಬರು ಕೇಳಿದರು. ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದೆ. ಕೊಕ್ಕೆಹುಳದಲ್ಲಿ ಎರಡು ಜಾತಿ. ಕಡಿಮೆ ಕುಡಿಯುವ ಜಾತಿಯ ಒಂದು ಹುಳದಿಂದ ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಹೋಗುತ್ತದೆ, ಇನ್ನೊಂದು ಜಾತಿಯದರಿಂದ ಅದರ ಐದಾರು ಪಟ್ಟು. ಕಡಿಮೆ ಕುಡಿಯುವುದನ್ನೇ ಹಿಡಿಯೋಣ. ಮಗುವಿನ ಕರುಳಿನಲ್ಲಿ 50 ಹುಳ ಇದ್ದರೆ ದಿನಕ್ಕೆ ಒಂದೂವರೆ ಮಿಲಿಲೀಟರ್ ರಕ್ತ. ಅಷ್ಟು ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು ಕಬ್ಬಿಣವಿರುತ್ತದೆ. ಅದರಲ್ಲಿ ಸ್ವಲ್ಪವನ್ನು ಕರುಳು ಮತ್ತೆ ಹೀರಿಕೊಳ್ಳುತ್ತದೆ, ಉಳಿದದ್ದು ಹೊರಗೆ ಹೋಗುತ್ತದೆ. ಹನ್ನೆರಡು ಹದಿಮೂರು ವರ್ಷದ ಹುಡುಗಿಯ ಮೈ ದಿನಕ್ಕೆ ಆಹಾರದಿಂದ ಹೀರಿಕೊಳ್ಳಬೇಕಾದ ಕಬ್ಬಿಣವೇ ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ದೊಡ್ಡ ಪಾಲು ದಿನಾ ಸೋರಿಹೋದರೆ, ಆಕೆ ಎಷ್ಟು ಉಂಡರೂ ಸಾಲುವುದಿಲ್ಲ. ಆ ತಂದೆ ತನ್ನ ಚೀಟಿಯ ಹಿಂದೆ ಅಂಕಿಗಳನ್ನು ಬರೆದುಕೊಂಡು ಹೋದರು.

ಲೆಕ್ಕದ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು. ರಕ್ತ ಕಡಿಮೆ ಇರುವ ಎಲ್ಲ ಮಕ್ಕಳ ಹೊಟ್ಟೆಯಲ್ಲೂ ಹುಳ ಇರುವುದಿಲ್ಲ. ನಮ್ಮ ಜೋಳದ ರೊಟ್ಟಿ, ತೊಗರಿಬೇಳೆಯಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಆದರೆ ಕಾಳುಕಡಿಯಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ ಐದರಿಂದ ಎಂಟು ಪಾಲು ಮಾತ್ರ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಒಗರು ಆ ಪಾಲನ್ನೂ ಕಡಿಮೆ ಮಾಡುತ್ತದೆ. ಅದೇ ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಂಡರೆ, ಒಂದು ಪೇರಲಹಣ್ಣು ತಿಂದರೆ ಹೆಚ್ಚಾಗುತ್ತದೆ. ಕಮಲಾಪುರದ ಮನೆಗಳಲ್ಲಿ ಮಕ್ಕಳೂ ಬೆಳಿಗ್ಗೆ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಶಾಲೆಗೆ ಬರುತ್ತಿದ್ದರು. ಆ ಒಂದು ರೂಢಿಯ ಬಗ್ಗೆ ಪತ್ರದಲ್ಲಿ ಒಂದು ಸಾಲು ಬರೆದದ್ದು ಅದಕ್ಕೇ.

ತಾಂಡಾಗಳ ಮಕ್ಕಳ ವಿಷಯ ಬೇರೆ ಇತ್ತು. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುತ್ತಿದ್ದರು. ಮನೆಯಲ್ಲಿ ಉಳಿಯುತ್ತಿದ್ದುದು ಅಜ್ಜ ಅಜ್ಜಿ. ಅವರಿಗೆ ಓದಲು ಬಾರದು. ಆದ್ದರಿಂದ ಪತ್ರವನ್ನು ಮೊದಲು ತರಗತಿಯಲ್ಲಿ ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ, ಪ್ರಶ್ನೆ ಕೇಳಿ, ತಮ್ಮ ಮನೆ ಮಾತಿನಲ್ಲಿ ಹೇಳಿಸುತ್ತಿದ್ದೆ. ಏಳನೆಯ ತರಗತಿಯ ಒಬ್ಬ ಹುಡುಗಿ ಅದನ್ನು ಲಂಬಾಣಿ ಮಾತಿನಲ್ಲಿ ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ಆಕೆಯ ತಾಂಡಾದಲ್ಲಿ ಆ ಪತ್ರವನ್ನು ಆಕೆಯ ಬಾಯಿಂದಲೇ ಎಲ್ಲರೂ ಕೇಳಿಸಿಕೊಂಡರು. ಉರ್ದು ಮನೆಗಳಿಗೆ ಪಕ್ಕದ ಉರ್ದು ಶಾಲೆಯ ಶಿಕ್ಷಕಿಯೊಬ್ಬರು ಬರೆದುಕೊಟ್ಟರು.

ಆ ಪತ್ರದ ಕೆಲವು ಭಾಗಗಳು ಹೀಗಿದ್ದವು.

“ಪಾಲಕರಿಗೆ ನಮಸ್ಕಾರ.

ಬರುವ ಜಂತುಹುಳು ನಿವಾರಣಾ ದಿನ ನಿಮ್ಮ ಮಗುವಿಗೆ ಶಾಲೆಯಲ್ಲಿ ಒಂದು ಗುಳಿಗಿ ಕೊಡುತ್ತೇವೆ. ಬಿಸಿಯೂಟ ಆದ ಮೇಲೆ, ನಮ್ಮ ಕಣ್ಣೆದುರಿಗೇ, ಚೆನ್ನಾಗಿ ಅಗಿದು ನೀರು ಕುಡಿಯಬೇಕು. ಮನೆಗೆ ಕಟ್ಟಿ ಕೊಡುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅಂಗನವಾಡಿಗೆ ಕರೆದೊಯ್ಯಿರಿ. ಅಲ್ಲಿ ಗುಳಿಗಿ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡುತ್ತಾರೆ. ಸಣ್ಣವರ ಬಾಯಿಗೆ ಇಡೀ ಗುಳಿಗಿ ಹಾಕಬಾರದು, ಗಂಟಲಲ್ಲಿ ಸಿಕ್ಕಿಕೊಂಡೀತು.

ಆ ದಿನ ಮಗುವಿಗೆ ಜ್ವರ ಇದ್ದರೆ, ಬೇರೆ ಔಷಧ ನಡೆದಿದ್ದರೆ, ಫಿಟ್ಸ್ ಬರುತ್ತಿದ್ದರೆ ನಮಗೆ ಮೊದಲೇ ಹೇಳಿರಿ. ಗುಳಿಗಿ ಕೊಡುವುದಿಲ್ಲ. ಡಾಕ್ಟರನ್ನು ಕೇಳಿಯೇ ಮುಂದುವರಿಯುತ್ತೇವೆ. ಹುಷಾರಿಲ್ಲದವರಿಗೆ, ಆ ದಿನ ಊರಲ್ಲಿ ಇಲ್ಲದವರಿಗೆ ವಾರದೊಳಗೆ ಇನ್ನೊಂದು ದಿನ ಇದೆ.

ಗುಳಿಗಿ ತಿಂದ ಮೇಲೆ ಕೆಲವರಿಗೆ ಹೊಟ್ಟೆ ನೋಯುತ್ತದೆ, ವಾಂತಿ ಆಗಬಹುದು. ಹೊಟ್ಟೆಯಲ್ಲಿ ಹುಳ ಹೆಚ್ಚಿದ್ದವರಿಗೆ ಹೀಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಕಡಿಮೆಯಾಗದಿದ್ದರೆ 104ಕ್ಕೆ ಫೋನು ಮಾಡಿರಿ ಅಥವಾ ದವಾಖಾನೆಗೆ ಕರೆದೊಯ್ಯಿರಿ. ಮರುದಿನ ಹುಳ ಬಿದ್ದದ್ದು ಕಾಣದಿದ್ದರೆ ಗುಳಿಗಿ ಕೆಲಸ ಮಾಡಿಲ್ಲ ಎಂದು ತಿಳಿಯಬೇಡಿರಿ. ಬಹಳ ಹುಳಗಳು ಕಣ್ಣಿಗೆ ಕಾಣುವುದಿಲ್ಲ.

ಗುಳಿಗಿ ಹೊಟ್ಟೆಯಲ್ಲಿರುವ ಹುಳವನ್ನು ಕೊಲ್ಲುತ್ತದೆ. ಮಣ್ಣಿನಲ್ಲಿರುವ ಹುಳವನ್ನು ಅದು ಏನೂ ಮಾಡಲಾರದು. ಮತ್ತೆ ಬಾರದಿರಬೇಕಾದರೆ ಕಾಲಲ್ಲಿ ಚಪ್ಪಲಿ ಬೇಕು, ಪಾಯಖಾನೆಗೆ ಹೋಗಬೇಕು, ಉಣ್ಣುವ ಮುಂಚೆ ಸಾಬೂನಿನಿಂದ ಕೈ ತೊಳೆಯಬೇಕು, ಉಗುರು ಕತ್ತರಿಸಬೇಕು. ಬೆಲ್ಲದಿಂದ, ಬಾಳೆಹಣ್ಣಿನಿಂದ ಹುಳ ಆಗುವುದಿಲ್ಲ. ಮಕ್ಕಳಿಗೆ ಹಣ್ಣು ಕೊಡಿರಿ.

ಇನ್ನೊಂದು ದಿನ ಮಕ್ಕಳ ರಕ್ತದ ಪರೀಕ್ಷೆ ಇದೆ. ಬೆರಳಿಗೆ ಹೊಸ ಸೂಜಿಯಿಂದ ಒಂದು ಸಲ ಚುಚ್ಚಿ ಒಂದು ಹನಿ ತೆಗೆಯುತ್ತಾರೆ. ಒಬ್ಬರ ಸೂಜಿ ಇನ್ನೊಬ್ಬರಿಗಿಲ್ಲ. ಒಂದು ಹನಿಯಿಂದ ಮಗು ಸೊರಗುವುದಿಲ್ಲ. ಬಂದ ಅಂಕಿಯನ್ನು ಮಡಚಿದ ಚೀಟಿಯಲ್ಲಿ ಬರೆದು ನಿಮಗೇ ಕಳಿಸುತ್ತೇವೆ, ತರಗತಿಯಲ್ಲಿ ಓದುವುದಿಲ್ಲ. 5ರಿಂದ 11 ವರ್ಷದವರಿಗೆ 11.5, 12ರಿಂದ 14 ವರ್ಷದವರಿಗೆ 12 ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಚೀಟಿ ತೆಗೆದುಕೊಂಡು ದವಾಖಾನೆಗೆ ಹೋಗಿರಿ. 8ಕ್ಕಿಂತ ಕಡಿಮೆ ಇದ್ದರೆ ಅದೇ ದಿನ ಹೋಗಿರಿ.

ರಕ್ತ ಆಗುವ ಗುಳಿಗಿಯನ್ನು ಊಟದ ಮೇಲೆ ಕೊಡಿರಿ. ಚಹಾದ ಜೊತೆ, ಹಾಲಿನ ಜೊತೆ ಬೇಡ. ಮಲ ಕರ್ರಗೆ ಬರುತ್ತದೆ, ಅಂಜಬೇಡಿರಿ. ಅಂಗಡಿಯಿಂದ ನೀವೇ ತಂದು ಹೆಚ್ಚು ಕೊಡಬೇಡಿರಿ. ಗುಳಿಗಿಯನ್ನು ಸಣ್ಣ ಮಕ್ಕಳ ಕೈಗೆ ಸಿಗದಂತೆ ಇಡಿರಿ. ಒಂದು ತಿಂಗಳ ನಂತರ ಮತ್ತೆ ರಕ್ತ ನೋಡಿಸಿರಿ. ಏನೇ ತಿಳಿಯದಿದ್ದರೂ ಶಾಲೆಗೆ ಬಂದು ಕೇಳಿರಿ.”

ಫಿಟ್ಸ್ ಬಗ್ಗೆ ಯಾಕೆ ಬರೆದಿದ್ದೀರಿ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದರು. ಕೆಲವರ ಮಿದುಳಿನಲ್ಲಿ ಲಾಡಿಹುಳದ ಮರಿಗಳು ಗಂಟಾಗಿ ಕೂತಿರುತ್ತವೆ, ಅವರಿಗೆ ಫಿಟ್ಸ್ ಬರುವುದು ಅದರಿಂದಲೇ ಇರಬಹುದು. ಈ ಔಷಧ ಅಲ್ಲಿಗೂ ತಲುಪುತ್ತದೆ. ಮರಿ ಸಾಯುವಾಗ ಸುತ್ತಲೂ ಬಾವು ಬಂದು ಫಿಟ್ಸ್ ಹೆಚ್ಚಬಹುದು. ಅಂಥ ಮಗುವಿಗೆ ಔಷಧ ಕೊಡುವ ತೀರ್ಮಾನ ಡಾಕ್ಟರದು, ಶಿಕ್ಷಕರದಲ್ಲ.

ಹುಳದ ಗುಳಿಗಿಯನ್ನೂ ರಕ್ತದ ಪರೀಕ್ಷೆಯನ್ನೂ ಒಂದೇ ಪತ್ರದಲ್ಲಿ ಬರೆಯಲು ಕಾರಣ ಒಬ್ಬ ಹುಡುಗಿ. ಏಳನೆಯ ತರಗತಿ, ಹದಿಮೂರು ವರ್ಷ, ಓಟದಲ್ಲಿ ಮುಂದಿದ್ದವಳು. ಆ ವರ್ಷ ಪ್ರಾರ್ಥನೆಯ ಹೊತ್ತಿನಲ್ಲಿ ಗೋಡೆಗೆ ಒರಗಿ ನಿಲ್ಲಲು ಶುರು ಮಾಡಿದ್ದಳು. ಕೆಳರೆಪ್ಪೆ ಇಳಿಸಿ ನೋಡಿದಾಗ ಒಳಗೆ ಕೆಂಪು ಕಡಿಮೆ ಕಂಡಿತು. ಆದರೆ ರೆಪ್ಪೆ ನೋಡಿ ಹೇಳುವುದರಲ್ಲಿ ತಪ್ಪಾಗುವುದೇ ಹೆಚ್ಚು. ತುಸು ಕಡಿಮೆ ಇದ್ದವರು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಾರೆ. ಅದಕ್ಕೇ ಹನಿ ರಕ್ತದ ಪರೀಕ್ಷೆ ಬೇಕು.

ಪರೀಕ್ಷೆಯ ದಿನ ಆಕೆಯ ಅಂಕಿ ಮೊದಲು 8.4 ಬಂತು. ಸಿಸ್ಟರ್ ಅದನ್ನು ಬರೆದುಕೊಳ್ಳದೆ ಇನ್ನೊಂದು ಬೆರಳಿನಿಂದ ಮತ್ತೆ ನೋಡಿದರು, 9.1 ಬಂತು. ಅವರು ಕಾರಣ ಹೇಳಿಕೊಟ್ಟರು. ಹುಡುಗಿಯ ಕೈ ತಣ್ಣಗಿತ್ತು, ರಕ್ತ ಬರಲಿಲ್ಲವೆಂದು ಬೆರಳು ಹಿಂಡಬೇಕಾಯಿತು. ಹಿಂಡಿದಾಗ ರಕ್ತದ ಜೊತೆ ಮೈಯ ನೀರೂ ಬೆರೆತು ಅಂಕಿ ಇಳಿಯುತ್ತದೆ. ಸ್ಪಿರಿಟ್ ಒಣಗುವ ಮುಂಚೆ ಚುಚ್ಚಿದರೂ ಅಂಕಿ ಕೆಡುತ್ತದೆ. ಎರಡನೆಯ ಸಲ ಕೈ ಉಜ್ಜಿ ಬೆಚ್ಚಗೆ ಮಾಡಿ, ಉಂಗುರದ ಬೆರಳಿನ ತುದಿಯ ಪಕ್ಕಕ್ಕೆ ಚುಚ್ಚಿ, ಮೊದಲ ಹನಿಯನ್ನು ಒರೆಸಿ, ತಾನಾಗಿ ಬಂದ ಹನಿಯನ್ನು ಪಟ್ಟಿಗೆ ತಾಗಿಸಿದ್ದರು. ಅಂದಿನಿಂದ ಪರೀಕ್ಷೆಯ ದಿನ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವಾಗ ಕೈ ತೊಳೆಸಿ, ಉಜ್ಜಿಕೊಳ್ಳಲು ಹೇಳುವುದು ನನ್ನ ಕೆಲಸವಾಯಿತು.

9.1 ಅಂದರೆ ಮಧ್ಯಮ ಮಟ್ಟದ ರಕ್ತಹೀನತೆ. ಕಮಲಾಪುರದ ಸರ್ಕಾರಿ ದವಾಖಾನೆಯ ಡಾಕ್ಟರು ದಿನಕ್ಕೆ ಎರಡು ನೀಲಿ ಗುಳಿಗಿ, ಮೂರು ತಿಂಗಳಿಗೆ ಬರೆದುಕೊಟ್ಟರು. ಶಾಲೆಯಲ್ಲಿ ವಾರಕ್ಕೊಮ್ಮೆ ಆಕೆಯ ವಯಸ್ಸಿನವರಿಗೆ ಕೊಡುವ ಗುಳಿಗಿಯೂ ಅದೇ, ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ. ವಾರದ್ದು ರಕ್ತ ಕಡಿಮೆಯಾಗದಂತೆ ಕಾಯಲು, ದಿನದ್ದು ಕಡಿಮೆಯಾದದ್ದನ್ನು ತುಂಬಲು. ಹುಳದ ಗುಳಿಗಿಯೂ ಆಗಿತ್ತು. ಒಂದು ತಿಂಗಳಾದ ಮೇಲೆ ನೋಡಿಸಿದಾಗ 9.3. ಇಷ್ಟು ಹೊತ್ತಿಗೆ ಒಂದು ಗ್ರಾಂ ಆದರೂ ಏರಬೇಕಾಗಿತ್ತು.

ಆಕೆಯ ಮನೆಗೆ ಹೋದೆ. ತಾಯಿ ನೇರವಾಗಿಯೇ ಕೇಳಿದರು: “ಹುಳ ಸತ್ತ ಮ್ಯಾಲ ರಕ್ತ ತಾನ ಬರಬೇಕಲ್ರಿ ಅಕ್ಕೋರ? ಮತ್ತ ಈ ನೀಲಿ ಗುಳಿಗಿ ಯಾಕ ಬೇಕು?” ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗುಳಿಗಿ ಹಾಗೇ ಉಳಿದಿದ್ದವು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಚಹಾದ ಜೊತೆ ಕೊಟ್ಟಿದ್ದರು. ಹುಡುಗಿಗೆ ಹೊಟ್ಟೆ ತೊಳಸಿತ್ತು. ಹುಳ ಹೋಗಿದೆಯಲ್ಲ ಎಂದು ಬಿಟ್ಟಿದ್ದರು. ನಾನು ಹೇಳಿದೆ: “ಅವ್ವಾ, ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕಿಸಿದಂಗ ಹುಳದ ಗುಳಿಗಿ. ಸೋರೂದು ನಿಂತದ. ಆದ್ರ ಖಾಲಿ ಆದ ಕೊಡ ತುಂಬಬೇಕಾದ್ರ ನೀರು ಹೊಯ್ಯಲೇಬೇಕಲ್ಲ?” ಆಕೆ ನಕ್ಕು, “ಹಂಗಂದ್ರ ಎರಡೂ ಬೇಕು ಅನ್ರಿ” ಎಂದರು. ಗುಳಿಗಿಯ ಹೊತ್ತನ್ನು ಊಟದ ನಂತರಕ್ಕೆ ಬದಲಿಸಿದೆವು. ಒಂದು ಮಧ್ಯಾಹ್ನ ಶಾಲೆಯಲ್ಲಿ, ಇನ್ನೊಂದು ರಾತ್ರಿ ಮನೆಯಲ್ಲಿ. ಶಾಲೆಯಲ್ಲಿ ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಇರುತ್ತದೆ, ಹಾಲಿನ ಸುಣ್ಣದ ಅಂಶವೂ ಕಬ್ಬಿಣವನ್ನು ತಡೆಯುವುದರಿಂದ ಆ ಹೊತ್ತನ್ನು ಬಿಟ್ಟೆವು. ಮುಂದಿನ ತಿಂಗಳು 10.4. ಇನ್ನೂ ಎರಡು ತಿಂಗಳು ನಡೆಸಿದ ಮೇಲೆ 12.1. ಅಂಕಿ ಸರಿಯಾದ ಮೇಲೆ ವಾರದ ಗುಳಿಗಿಗೆ ಮರಳಿದಳು. ಆಟದ ಪಿರಿಯಡ್‌ನಲ್ಲಿ ತಾನಾಗಿ ಹೆಸರು ಕೊಟ್ಟಳು.

ಕಲಬುರಗಿ ನಗರದ ಶಾಲೆಗೆ ಬಂದಾಗ ಇದೇ ಪತ್ರ ಅಲ್ಲಿ ಅರ್ಧ ಮಾತ್ರ ಹೊಂದಿತು. ಕಾಲಿನಿಂದ ಬರುವ ಹುಳದ ಮಾತನ್ನು ಓದಿದ ಪಾಲಕರು, “ನಮ್ಮ ಮಕ್ಕಳು ಶೂ ಹಾಕ್ಕೋತಾರ, ಇದು ಹಳ್ಳಿ ಮಕ್ಕಳಿಗೆ ಬೇಕಾದ್ದು” ಎಂದರು. ನಗರದಲ್ಲಿ ಪಾಯಖಾನೆ ಇದೆ, ಸಿಮೆಂಟಿನ ಅಂಗಳ ಇದೆ. ಆದರೆ ದುಂಡುಹುಳಕ್ಕೆ ಕಾಲು ಬೇಕಿಲ್ಲ. ಅದರ ತತ್ತಿ ಮಣ್ಣಿನಲ್ಲಿ ಎರಡು ಮೂರು ವಾರ ಬೆಳೆದು, ತೊಳೆಯದ ಕೊತ್ತಂಬರಿ ಸಿವುಡಿಗೆ, ಮೂಲಂಗಿಗೆ, ಓಣಿಯ ತೆರೆದ ಗಟಾರದ ಪಕ್ಕ ಆಡಿದ ಚೆಂಡಿಗೆ, ಉಗುರಿನ ಸಂದಿಗೆ ಅಂಟಿಕೊಂಡು ಬಾಯಿಗೆ ಬರುತ್ತದೆ. ತೇವವಿದ್ದರೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅಲ್ಲಿ ಪತ್ರದಲ್ಲಿ ಚಪ್ಪಲಿಗಿಂತ ಮೊದಲು ಕೈ ಮತ್ತು ಕಾಯಿಪಲ್ಲೆ ಬಂತು. ಹಸಿಯಾಗಿ ತಿನ್ನುವುದನ್ನು ಹರಿಯುವ ನೀರಿನಲ್ಲಿ ತಿಕ್ಕಿ ತೊಳೆಯಬೇಕು ಎಂಬ ಸಾಲನ್ನು ಮೇಲಕ್ಕೆ ತಂದೆ. ಖಾಸಗಿ ಡಾಕ್ಟರಲ್ಲಿ ಮೊನ್ನೆಯಷ್ಟೇ ಹುಳದ ಔಷಧ ಕೊಡಿಸಿದ್ದೇವೆ ಎನ್ನುವವರು ಊರಿನಲ್ಲಿ ಹೆಚ್ಚು. ಅದನ್ನು ಚೀಟಿಯಲ್ಲಿ ಬರೆದು ಕಳಿಸಿರಿ ಎಂದು ಇನ್ನೊಂದು ಸಾಲು ಸೇರಿತು.

ಅಂಕಿಯನ್ನು ಮಡಚಿದ ಚೀಟಿಯಲ್ಲಿ ಕೊಡುವುದು ಊರಿನಲ್ಲಿ ಇನ್ನೂ ಮುಖ್ಯವಾಯಿತು. ದೊಡ್ಡ ಹುಡುಗಿಯರು ಪರೀಕ್ಷೆಯ ದಿನ ಬಾರದೆ ಉಳಿಯುತ್ತಿದ್ದರು. ರಕ್ತ ಕಡಿಮೆ ಎಂದು ನಾಲ್ಕು ಜನರಿಗೆ ಗೊತ್ತಾದರೆ ಮುಂದೆ ಸಂಬಂಧ ಕೂಡುವಾಗ ಮಾತಾಗುತ್ತದೆ ಎಂಬ ಅಂಜಿಕೆ ಮನೆಗಳಲ್ಲಿತ್ತು. ತಿಂಗಳ ಮುಟ್ಟು ಹೆಚ್ಚು ಹೋಗುವುದನ್ನು ಯಾರಿಗೂ ಹೇಳದೆ ಸಹಿಸಿಕೊಂಡಿದ್ದವರು ಅವರಲ್ಲೇ ಇದ್ದರು. ಚೀಟಿ ಅವರ ಕೈಗೇ ಸಿಗುತ್ತದೆ, ಬೇಕಾದರೆ ಶಿಕ್ಷಕಿಯ ಹತ್ತಿರ ಒಬ್ಬರೇ ಕೂತು ಮಾತಾಡಬಹುದು ಎಂದು ಗೊತ್ತಾದ ಮೇಲೆ ಬಂದರು. ಹುಡುಗಿಯರಿಗೆ ಅದೇ ಮಾತುಕತೆಯಲ್ಲಿ ಕೇಳುತ್ತಿದ್ದೆ: ಎಷ್ಟು ದಿನ ಹೋಗುತ್ತದೆ, ಗಂಟು ಗಂಟಾಗಿ ಬೀಳುತ್ತದೆಯೇ, ಬಟ್ಟೆ ಎಷ್ಟು ಸಲ ಬದಲಿಸಬೇಕಾಗುತ್ತದೆ? ವಾರ ದಾಟಿ ಹೋಗುವವರಿಗೆ ಗುಳಿಗಿಯೊಂದೇ ಸಾಲದು, ಡಾಕ್ಟರಿಗೆ ತೋರಿಸಲೇಬೇಕು.

ಆ ಶಾಲೆಯಲ್ಲಿ ಒಬ್ಬ ಹುಡುಗ ಇದ್ದ. ಹತ್ತು ವರ್ಷ, ಅಂಕಿ 10.2. ಮನೆಯವರು ಪತ್ರದಲ್ಲಿ ಹೇಳಿದಂತೆಯೇ ಊಟದ ಮೇಲೆ ಗುಳಿಗಿ ಕೊಟ್ಟರು, ಚಹಾ ಬಿಡಿಸಿದರು, ಖಾಲಿ ಪಟ್ಟಿಗಳನ್ನು ತಂದು ತೋರಿಸಿದರು. ತಿಂಗಳಾದ ಮೇಲೆ ನೋಡಿದರೆ ಮತ್ತೆ 10.2. ಮೊದಲಿನ ಹುಡುಗಿಯ ವಿಷಯದಲ್ಲಿ ಗುಳಿಗಿ ಹೊಟ್ಟೆಗೆ ಹೋಗಿರಲಿಲ್ಲ. ಇವನ ವಿಷಯದಲ್ಲಿ ಹೋಗಿತ್ತು, ಆದರೂ ಏರಿರಲಿಲ್ಲ. ಈ ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಮಗುವಿಗೋ ತಾಯಿಗೋ ಸುಮ್ಮನೆ ದೂರು ಬರುತ್ತದೆ. ಬೆರಳ ಹನಿಯ ಪರೀಕ್ಷೆ ರಕ್ತ ಕಡಿಮೆ ಇದೆ ಎಂದು ಹೇಳುತ್ತದೆ, ಯಾಕೆ ಕಡಿಮೆ ಎಂದು ಹೇಳುವುದಿಲ್ಲ. ಅವನನ್ನು ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ನೋಡುವ ಪರೀಕ್ಷೆಯಲ್ಲಿ ಅವನು ಥಲಸ್ಸೇಮಿಯಾ ವಾಹಕ ಎಂದು ತಿಳಿಯಿತು. ಅವನ ಕೆಂಪುಕಣ ಹುಟ್ಟಿನಿಂದಲೇ ಚಿಕ್ಕವು. ಅದರಿಂದ ಅವನಿಗೆ ಹೆಚ್ಚಿನ ತೊಂದರೆಯಿಲ್ಲ. ಕಬ್ಬಿಣದ ಕೊರತೆ ಇಲ್ಲವೆಂದು ಕಂಡ ಮೇಲೆ ದಿನದ ಗುಳಿಗಿಯನ್ನು ಡಾಕ್ಟರು ನಿಲ್ಲಿಸಿದರು.

ಮನೆಯವರಿಗೆ ಮುಂದಿನ ಮಾತು ಮುಖ್ಯವಾಗಿತ್ತು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಪೂರ್ತಿಯಾಗಿ ಬರುವ ಸಂಭವವಿದೆ. ಅಂಥ ಮಗುವಿಗೆ ಜೀವನವಿಡೀ ರಕ್ತ ಹಾಕಿಸಬೇಕಾಗುತ್ತದೆ. ಸೋದರಮಾವನ ಮನೆಯೊಳಗೇ ಸಂಬಂಧ ಬೆಳೆಸುವ ನಮ್ಮ ಕಡೆ ಒಂದೇ ಮನೆತನದಲ್ಲಿ ಇಬ್ಬರು ವಾಹಕರು ಸಿಗುವುದು ಸುಲಭ. ಹುಡುಗನ ತಾಯಿ ಆಸ್ಪತ್ರೆಯ ಕಾಗದ ಹಿಡಿದು ಶಾಲೆಗೆ ಬಂದು, “ಅಕ್ಕೋರ, ನನ್ನ ತಂಗಿ ಮಕ್ಕಳಿಗೂ ನೋಡಿಸ್ಬೇಕಲ್ರಿ?” ಎಂದು ಕೇಳಿದರು. ನೋಡಿಸಬೇಕು, ಮದುವೆಯ ಮಾತು ಎತ್ತುವ ಮುಂಚೆಯೇ ನೋಡಿಸಬೇಕು ಎಂದೆ. ತಂಗಿಯನ್ನೂ ಮಕ್ಕಳನ್ನೂ ಅವರೇ ಕರೆದುಕೊಂಡು ಹೋದರು.

ಈಗ ಆ ಕೆಲಸ ನನ್ನ ಕೈಯಲ್ಲಿಲ್ಲ. ಹೊಸದಾಗಿ ಈ ಕೆಲಸ ವಹಿಸಿಕೊಂಡ ಶಿಕ್ಷಕರು ಆಗಾಗ ಆ ಪತ್ರದ ಪ್ರತಿ ಕೇಳುತ್ತಾರೆ. ಕೊಡುತ್ತೇನೆ, ಜೊತೆಗೆ ಹೇಳುತ್ತೇನೆ: ಇದನ್ನು ಹಾಗೇ ಹಂಚಬೇಡಿರಿ. ನಿಮ್ಮ ಊರಿನಲ್ಲಿ ಹುಳ ಕಾಲಿನಿಂದ ಬರುತ್ತದೆಯೋ ಕೈಯಿಂದಲೋ ಮೊದಲು ನೋಡಿರಿ, ಮಕ್ಕಳು ಗುಳಿಗಿಯನ್ನು ಯಾವುದರ ಜೊತೆ ನುಂಗುತ್ತಾರೆ ಎಂದು ಮನೆಗೆ ಹೋಗಿ ಕೇಳಿರಿ, ಆ ಪ್ರಕಾರ ಸಾಲುಗಳನ್ನು ಹಿಂದೆ ಮುಂದೆ ಮಾಡಿರಿ. ಮೂರು ಮಾತುಗಳನ್ನು ಮಾತ್ರ ಯಾವ ಊರಿನಲ್ಲೂ ತೆಗೆಯಬೇಡಿರಿ. ಆಗಬಹುದಾದ ತೊಂದರೆಯನ್ನು ಮೊದಲೇ ಹೇಳುವ ಮಾತು. ಹುಳದ ಗುಳಿಗಿಯಿಂದ ರಕ್ತ ತುಂಬುವುದಿಲ್ಲ ಎನ್ನುವ ಮಾತು. ತಿಂಗಳ ನಂತರ ಮತ್ತೆ ನೋಡಿಸಿರಿ ಎನ್ನುವ ಮಾತು. ಆ ಹುಡುಗಿ ನುಂಗದೆ ಬಿಟ್ಟ ಗುಳಿಗಿಗಳೂ ಈ ಹುಡುಗನ ಚಿಕ್ಕ ರಕ್ತಕಣಗಳೂ ನಮಗೆ ತಿಳಿದದ್ದು ಆ ಮೂರನೆಯ ಮಾತನ್ನು ಮನೆಯವರು ನಂಬಿ, ಎರಡನೆಯ ಸಲ ಬೆರಳು ಚಾಚಿಸಿದ್ದರಿಂದ.